ಹೆಲ್ವೆಟಿಯ ಎಂಬ ದೇಶ ಎಲ್ಲಿದೆ?

ನಾನು ದಕ್ಷಿಣ ಕನ್ನಡದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಒಂದು ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ಹಳೆಯ ಲಕೋಟೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದಂತೆ. ಹಡಗಿನಲ್ಲಿ ಕೆಲಸಕ್ಕಿದ್ದ ಅಜ್ಜನ ತಮ್ಮ ಯಾವುದೋ ಊರಿನಿಂದ ಬರೆದ ಕಾಗದ. ಸ್ಟಾಂಪಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಹೆಲ್ವೆಟಿಯ’ ಎಂದಿತ್ತು. "ಟೀಚರ್, ಅಟ್ಲಾಸಿನ ಕೊನೆಯ ಪಟ್ಟಿ ಪೂರ್ತಿ ನೋಡಿದೆ. ಈ ಹೆಸರಿನ ದೇಶವೇ ಇಲ್ಲ" ಎಂದಳು.

ಉತ್ತರ ನನಗೆ ಗೊತ್ತಿತ್ತು, ಆದರೆ ಹೇಳಲಿಲ್ಲ. ಮನೆಯಲ್ಲಿ ಸಿಗುವ ಸ್ಟಾಂಪು, ಬಾವುಟ, ವಾಹನದ ನಂಬರ್ ಪ್ಲೇಟು, ಈ ಮೂರರಿಂದ ಮಕ್ಕಳೇ ದೇಶ ಹುಡುಕುವ ಚಟುವಟಿಕೆಯನ್ನು ನಮ್ಮ ತರಗತಿಯಲ್ಲಿ ಆಗಷ್ಟೇ ಶುರುಮಾಡಿದ್ದೆವು. ಅದನ್ನು ಹೇಗೆ ಮಾಡುತ್ತೇವೆ, ಮಕ್ಕಳು ಎಲ್ಲಿ ಎಡವುತ್ತಾರೆ, ಎಡವಿದಲ್ಲಿಂದ ಹೇಗೆ ಏಳುತ್ತಾರೆ ಎನ್ನುವುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಆ ಲಕೋಟೆಯ ಕಥೆಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಒಂದು ವಾರದ ಸಂಗ್ರಹ. ಮಕ್ಕಳ ಕೈಯಲ್ಲಿ ಮನೆಗೆ ಒಂದು ಚೀಟಿ ಕಳಿಸುತ್ತೇವೆ. ಹಳೆಯ ಲಕೋಟೆಗಳಿದ್ದರೆ ಹಿರಿಯರನ್ನು ಕೇಳಿ ತನ್ನಿ. ಹೊರದೇಶದಲ್ಲಿರುವ ನೆಂಟರು ಕಾರಿನ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ಇದ್ದರೆ ನೋಡಿಕೊಂಡು, ಅದರ ಪ್ಲೇಟನ್ನು ರಟ್ಟಿನ ಮೇಲೆ ಬರೆದು ತನ್ನಿ. ಗಲ್ಫಿನಿಂದ ಬಂದ ಚಾಕಲೇಟು ಡಬ್ಬಿ, ಬಟ್ಟೆಯ ಪಟ್ಟಿ, ಆಟದ ಜೆರ್ಸಿ, ಎಲ್ಲಿ ಬಾವುಟ ಕಂಡರೂ ಅದನ್ನು ತನ್ನಿ, ಇಲ್ಲವೇ ಬಿಡಿಸಿಕೊಂಡು ಬನ್ನಿ. ಚೀಟಿಯಲ್ಲಿ ಮೂರು ಎಚ್ಚರಿಕೆಗಳೂ ಇರುತ್ತವೆ. ಕೇಳದೆ ಏನನ್ನೂ ಹರಿಯಬಾರದು. ಪಾಸ್‌ಪೋರ್ಟು ತರಬಾರದು. ಪ್ಲೇಟು ಬರೆಯುವಾಗ ಅಕ್ಷರ, ಬಣ್ಣ, ಚಿಹ್ನೆ ಇದ್ದ ಹಾಗೇ ಇರಲಿ, ಅಂಕಿಗಳನ್ನು ಮಾತ್ರ ಬದಲಿಸಿ ಬರೆಯಬೇಕು. ಯಾರದೋ ಕಾರಿನ ನಂಬರು ನಮ್ಮ ಗೋಡೆಯ ಮೇಲೆ ಯಾಕೆ ಬೇಕು?

ಆಮೇಲೆ ಮೂರು ಪೀರಿಯಡ್ಡು. ಮಕ್ಕಳನ್ನು ಸ್ಟಾಂಪಿನವರು, ಪ್ಲೇಟಿನವರು, ಬಾವುಟದವರು ಎಂದು ಮೂರು ಗುಂಪು ಮಾಡುತ್ತೇವೆ. ಪ್ರತಿ ಗುಂಪಿಗೂ ಒಂದು ಅಟ್ಲಾಸು, ಒಂದು ಭೂತಗನ್ನಡಿ. ನಿಯಮ ಒಂದೇ: ಒಂದು ಸಾಕ್ಷಿಯ ಮೇಲೆ ತೀರ್ಪು ಕೊಡುವಂತಿಲ್ಲ. ಒಂದು ವಸ್ತುವನ್ನು ನೋಡಿ ದೇಶದ ಹೆಸರು ಹೇಳಿದ ಮಗು, ಅದನ್ನು ಒಪ್ಪುವ ಎರಡನೆಯ ಸಾಕ್ಷಿಯನ್ನೂ ತೋರಿಸಬೇಕು. ಅದು ಸಿಗುವ ತನಕ ಆ ವಸ್ತುವನ್ನು ‘ಸಂಶಯ’ ಎಂದು ಬರೆದ ಡಬ್ಬದಲ್ಲಿ ಇಡುತ್ತೇವೆ. ಈ ಡಬ್ಬದ ಕಥೆಯೇ ನಮ್ಮ ಚಟುವಟಿಕೆಯ ಕಥೆ.

ಸ್ಟಾಂಪಿನವರಿಗೆ ನಾನು ಮೊದಲು ಹೇಳುವುದು, ಸ್ಟಾಂಪನ್ನು ಲಕೋಟೆಯಿಂದ ಬಿಡಿಸಬೇಡಿ ಎಂದು. ಸ್ಟಾಂಪು ಸಂಗ್ರಹಿಸುವ ಮಕ್ಕಳಿಗೆ ಸಿಕ್ಕ ಕೂಡಲೇ ನೀರಿನಲ್ಲಿ ನೆನೆಹಾಕಿ ಅಂಟು ಬಿಡಿಸುವ ಅವಸರ. ಅದು ಆಲ್ಬಮ್ಮಿಗೆ ಸರಿ. ಪತ್ತೆಯ ಕೆಲಸಕ್ಕೆ ಮಾತ್ರ ಸ್ಟಾಂಪಿನಷ್ಟೇ ಬೆಲೆಯುಳ್ಳದ್ದು ಅದರ ಮೇಲೆ ಬಿದ್ದ ಅಂಚೆಯ ಸೀಲು. ಸ್ಟಾಂಪು ದೇಶ ಹೇಳಿದರೆ ಸೀಲು ಊರು ಹೇಳುತ್ತದೆ, ದಿನಾಂಕ ಹೇಳುತ್ತದೆ. ಸೀಲಿನ ಅರ್ಧ ವೃತ್ತ ಸ್ಟಾಂಪಿನ ಮೇಲಿದ್ದರೆ ಉಳಿದರ್ಧ ಲಕೋಟೆಯ ಮೇಲಿರುತ್ತದೆ. ಸ್ಟಾಂಪು ಬಿಡಿಸಿದಿರೋ, ಊರಿನ ಹೆಸರು ಎರಡು ತುಂಡಾಯಿತು. ಹೀಗೆ ತುಂಡಾದದ್ದೇ ಸಂಶಯದ ಡಬ್ಬದಲ್ಲಿ ಹೆಚ್ಚು ದಿನ ಉಳಿಯುತ್ತದೆ.

ಸ್ಟಾಂಪಿನ ಮೇಲೆ ದೇಶದ ಹೆಸರಿದೆಯಲ್ಲ, ಇನ್ನೇನು ಕಷ್ಟ ಎಂದು ನಿಮಗನಿಸಬಹುದು. ವಿಶ್ವ ಅಂಚೆ ಒಕ್ಕೂಟ ಎಂಬುದೊಂದಿದೆ, 1874ರಲ್ಲಿ ಹುಟ್ಟಿದ್ದು. ದೇಶದ ಹೆಸರು ರೋಮನ್ ಅಕ್ಷರದಲ್ಲಿ ಸ್ಟಾಂಪಿನ ಮೇಲಿರಬೇಕು ಎಂಬುದು ಅದರ ನಿಯಮ. ಆದರೆ ಅಕ್ಷರ ರೋಮನ್ ಆದ ಮಾತ್ರಕ್ಕೆ ಹೆಸರು ಇಂಗ್ಲಿಷಿನದಾಗಬೇಕಿಲ್ಲ. ಜಪಾನಿನ ಸ್ಟಾಂಪು 1966ರಿಂದ ತನ್ನನ್ನು ‘ನಿಪ್ಪೋನ್’ ಎಂದು ಕರೆದುಕೊಳ್ಳುತ್ತದೆ. ಫಿನ್ಲೆಂಡು ‘ಸುವೊಮಿ’ ಎನ್ನುತ್ತದೆ, ಕ್ರೊಯೇಷಿಯ ‘ಹ್ರ್ವಾತ್‌ಸ್ಕ’ ಎನ್ನುತ್ತದೆ, ಹಂಗೆರಿಯ ಹಳೆಯ ಸ್ಟಾಂಪುಗಳು ‘ಮಗ್ಯಾರ್ ಪೋಸ್ತ’ ಎನ್ನುತ್ತವೆ. ಅಟ್ಲಾಸಿನಲ್ಲಿರುವುದು ಬೇರೆಯವರು ಕರೆಯುವ ಹೆಸರು, ಸ್ಟಾಂಪಿನ ಮೇಲಿರುವುದು ಮನೆಯವರು ಕರೆಯುವ ಹೆಸರು. ಶಾಲೆಯ ಹಾಜರಿಯಲ್ಲಿ ಒಂದು ಹೆಸರು, ಮನೆಯಲ್ಲಿ ಒಂದು ಹೆಸರು ಇರುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗುವುದಿಲ್ಲ. ಹಾಗಾಗಿ ನಮ್ಮ ಗೋಡೆಯ ಪಟ್ಟಿಯಲ್ಲಿ ಎರಡು ಕಂಬಸಾಲು ಮಾಡಿದ್ದೇವೆ: ‘ಮನೆಯ ಹೆಸರು’, ‘ಅಟ್ಲಾಸಿನ ಹೆಸರು’. ಅದರ ಮೊದಲ ಸಾಲು ನಮ್ಮದೇ: ಭಾರತ, ಇಂಡಿಯಾ. ನಮ್ಮ ಸ್ಟಾಂಪಿನ ಮೇಲೆ ಎರಡೂ ಇವೆ.

ಹೆಸರೇ ಇಲ್ಲದ ಸ್ಟಾಂಪೂ ಒಂದು ಬಂತು. ಮೂಲೆಯಲ್ಲಿ ರಾಣಿಯ ತಲೆಯ ಪುಟ್ಟ ಆಕೃತಿ, ಬೆಲೆ, ಅಷ್ಟೇ. ಅದು ಬ್ರಿಟನ್ನಿನದು. 1840ರ ಮೇ ತಿಂಗಳಲ್ಲಿ ಜಗತ್ತಿನ ಮೊದಲ ಅಂಚೆಚೀಟಿ ಅಲ್ಲಿ ಚಲಾವಣೆಗೆ ಬಂದಾಗ ಬೇರಾವ ದೇಶದಲ್ಲೂ ಸ್ಟಾಂಪು ಇರಲಿಲ್ಲ, ಹೆಸರು ಹಾಕುವ ಅಗತ್ಯವೂ ಬೀಳಲಿಲ್ಲ. ಆಳುವವರ ಮುಖವೇ ಗುರುತಾಯಿತು. ಆ ರೂಢಿ ಇಂದಿಗೂ ನಡೆದಿದೆ. ಹೆಸರು ಇಲ್ಲದಿರುವುದೇ ಗುರುತು ಎಂದಾಗ ಮಕ್ಕಳು ತುಂಬ ಖುಷಿಪಟ್ಟರು.

ಇನ್ನೊಂದು ಸ್ಟಾಂಪಿನ ಮೇಲೆ ‘ಸಿಲೋನ್’ ಎಂದಿತ್ತು. ಅದೂ ಅಟ್ಲಾಸಿನಲ್ಲಿ ಸಿಗಲಿಲ್ಲ. ತಂದ ಹುಡುಗ ಸಂಜೆ ಮನೆಗೆ ಹೋಗಿ ಕೇಳಿದಾಗ ಅವನ ಅಜ್ಜ, "ಅಯ್ಯೋ ಮಗಾ, ರೇಡಿಯೋದಲ್ಲಿ ಸಿಲೋನ್ ಕೇಳಿಯೇ ಅಲ್ವಾ ನಾವು ದೊಡ್ಡವರಾದದ್ದು! ಲಂಕೆ ಅದು" ಎಂದರಂತೆ. 1972ರಲ್ಲಿ ಆ ದೇಶ ಶ್ರೀಲಂಕಾ ಎಂದು ಹೆಸರು ಬದಲಿಸಿಕೊಂಡಿತು. ಎರಡನೆಯ ಸಾಕ್ಷಿ ಪ್ಲೇಟಿನ ಕಡೆಯಿಂದ ಬಂತು. ಹೊರದೇಶದ ರಸ್ತೆಯಲ್ಲಿ ಓಡುವ ವಾಹನಕ್ಕೆ ತನ್ನ ದೇಶದ ಗುರುತಿನ ಅಕ್ಷರಗಳು ಬೇಕು. ಶ್ರೀಲಂಕೆಯ ಅಕ್ಷರಗಳು ಇಂದಿಗೂ ‘ಸಿಎಲ್’. ದೇಶ ಹೆಸರು ಬದಲಿಸಿದರೂ ಗುರುತಿನ ಅಕ್ಷರದಲ್ಲಿ ಸಿಲೋನು ಉಳಿದುಕೊಂಡಿದೆ. ಆ ದಿನ ಪಟ್ಟಿಗೆ ಮೂರನೆಯ ಕಂಬಸಾಲು ಸೇರಿತು: ‘ಹಳೆಯ ಹೆಸರು’.

ಈಗ ಪ್ಲೇಟಿನವರ ಕಡೆ ಬರೋಣ. ಅವರ ಮೊದಲ ಪಾಠ ಶಾಲೆಯ ಅಂಗಳದಲ್ಲೇ ನಡೆಯುತ್ತದೆ. ಶಿಕ್ಷಕರ ಸ್ಕೂಟರಿನ ಪ್ಲೇಟನ್ನು ಹತ್ತಿರದಿಂದ ನೋಡಿ ಎನ್ನುತ್ತೇನೆ. ಎಡಗಡೆ ಹೊಳೆಯುವ ಅಶೋಕಚಕ್ರ, ಕೆಳಗೆ ನೀಲಿಯಲ್ಲಿ ‘ಐಎನ್‌ಡಿ’ ಎಂಬ ಸಣ್ಣ ಅಕ್ಷರಗಳು. ಆಮೇಲೆ ದೊಡ್ಡದಾಗಿ ‘ಕೆಎ’. ಸಣ್ಣದು ದೇಶ, ದೊಡ್ಡದು ರಾಜ್ಯ. ದಿನಾ ಅದರ ಪಕ್ಕದಲ್ಲೇ ಓಡಾಡುವ ಮಕ್ಕಳಲ್ಲಿ ಎಷ್ಟೋ ಮಂದಿ ಆ ‘ಐಎನ್‌ಡಿ’ಯನ್ನು ಕಂಡದ್ದು ಅಂದೇ.

ದೊಡ್ಡ ಅಕ್ಷರ ದೇಶದ್ದಲ್ಲ ಎನ್ನುವುದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಒಬ್ಬ ಹುಡುಗ ‘ಯುಕೆ’ ಎಂದು ಶುರುವಾಗುವ ಪ್ಲೇಟು ಬರೆದುಕೊಂಡು ಬಂದು, "ಲಂಡನ್ನಿನ ಲಾರಿ ಹೈವೇಯಲ್ಲಿ ಹೋಯಿತು ಟೀಚರ್" ಎಂದ. ಅದು ಉತ್ತರಾಖಂಡದ ಲಾರಿ. ಬ್ರಿಟನ್ನಿನ ವಾಹನಗಳೂ 2021ರ ಸೆಪ್ಟೆಂಬರಿನಿಂದ ‘ಯುಕೆ’ ಎಂಬ ಗುರುತನ್ನೇ ಬಳಸುತ್ತಿರುವುದು ನಿಜ. ಆದರೆ ಅಲ್ಲಿ ಅದು ಪ್ಲೇಟಿನ ಅಂಚಿನಲ್ಲೋ ಬೇರೆ ಚೀಟಿಯಾಗಿಯೋ ಇರುತ್ತದೆ, ನೋಂದಣಿ ಸಂಖ್ಯೆಯ ಭಾಗವಾಗಿ ಅಲ್ಲ. ಅಕ್ಷರ ಯಾವುದು ಎನ್ನುವಷ್ಟೇ ಅದು ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ.

ನಮ್ಮ ಜಿಲ್ಲೆಯಲ್ಲಿ ಗಲ್ಫಿನ ಪ್ಲೇಟುಗಳಿಗೆ ಬರವಿಲ್ಲ. ಅವುಗಳಲ್ಲಿ ಸೌದಿ ಅರೇಬಿಯದ್ದು ಮಕ್ಕಳಿಗೆ ಬಹಳ ಒಳ್ಳೆಯ ಪಾಠಪುಸ್ತಕ. ಬಲತುದಿಯಲ್ಲಿ ಖರ್ಜೂರದ ಮರ, ಅಡ್ಡಹಾಕಿದ ಎರಡು ಕತ್ತಿ, ಅದರಡಿ ಮೇಲಿಂದ ಕೆಳಕ್ಕೆ ‘ಕೆಎಸ್ಎ’. ಉಳಿದ ಜಾಗದಲ್ಲಿ ಮೇಲಿನ ಸಾಲು ಅರಬ್ಬಿಯಲ್ಲಿ, ಕೆಳಗಿನ ಸಾಲು ರೋಮನ್ನಿನಲ್ಲಿ, ಒಂದೇ ಸಂಖ್ಯೆ ಎರಡು ಸಲ. ಹಾಗಾಗಿ ಅದೊಂದು ನಿಘಂಟಿನ ಹಾಗೆ. ದುಂಡಗಿರುವುದು ಸೊನ್ನೆ ಎಂದು ಮಕ್ಕಳು ಮೊದಲು ಓದುತ್ತಾರೆ. ಕೆಳಗೆ ನೋಡಿದರೆ ಅದು ಐದು. ಸೊನ್ನೆ ಬರಿಯ ಒಂದು ಚುಕ್ಕಿ. ಬಾಯ್ತೆರೆದ ಕೊಕ್ಕಿನಂತೆ ಮೇಲಕ್ಕೆ ಬಿಚ್ಚಿಕೊಂಡದ್ದು ಏಳು, ಅದನ್ನೇ ಬೋರಲು ಹಾಕಿದರೆ ಎಂಟು. ಇಷ್ಟು ಕಲಿತ ಮಕ್ಕಳು ಉಳಿದ ಅರಬ್ಬಿ ಅಂಕಿಗಳನ್ನೂ ಅದೇ ರೀತಿ ಮೇಲೆ ಕೆಳಗೆ ಹೋಲಿಸಿ ತಾವೇ ಓದಿಬಿಡುತ್ತಾರೆ. ಅಂಕಿ ಬದಲಿಸಿ ಬರೆಯಬೇಕೆಂಬ ನಿಯಮ ಇಲ್ಲಿ ಇನ್ನೊಂದು ರೀತಿಯಲ್ಲೂ ಉಪಯೋಗಕ್ಕೆ ಬರುತ್ತದೆ, ಬದಲಿಸಿದ್ದನ್ನು ಎರಡೂ ಸಾಲಿನಲ್ಲಿ ಸರಿಯಾಗಿ ಬದಲಿಸಬೇಕಲ್ಲ!

ಬಾವುಟ ಎಲ್ಲಕ್ಕಿಂತ ಸುಲಭ ಎಂದು ಮಕ್ಕಳು ಆ ಗುಂಪಿಗೇ ಮುಗಿಬೀಳುತ್ತಾರೆ. ನಿಜಕ್ಕೂ ಅದೇ ಕಷ್ಟದ್ದು. ಸ್ಟಾಂಪಿನಲ್ಲಿ ಹೆಸರಿದೆ, ಪ್ಲೇಟಿನಲ್ಲಿ ಅಕ್ಷರವಿದೆ, ಬಾವುಟಕ್ಕೆ ಮಾತೇ ಇಲ್ಲ. ಮೇಲೆ ಕೆಂಪು, ಕೆಳಗೆ ಬಿಳಿ ಇದ್ದರೆ ಇಂಡೋನೇಷಿಯವೂ ಆಗಬಹುದು, ಮೊನಾಕೊ ಕೂಡ ಆಗಬಹುದು. ವ್ಯತ್ಯಾಸ ಇರುವುದು ಉದ್ದ ಅಗಲದ ಲೆಕ್ಕದಲ್ಲಿ ಮಾತ್ರ. ಅದನ್ನೇ ತಲೆಕೆಳಗು ಹಿಡಿದರೆ ಪೋಲೆಂಡು. ಹಸಿರು, ಬಿಳಿ, ಕೇಸರಿ ಉದ್ದಪಟ್ಟಿಗಳಲ್ಲಿ ಕಂಬದ ಕಡೆ ಹಸಿರಿದ್ದರೆ ಐರ್ಲೆಂಡು, ಕೇಸರಿಯಿದ್ದರೆ ಐವರಿ ಕೋಸ್ಟು. ಅದಕ್ಕೇ ಬಾವುಟ ಬಿಡಿಸುವವರು ಮೊದಲು ಕಂಬ ಬರೆಯಬೇಕು ಎಂದು ನಿಯಮ ಮಾಡಿದೆವು. ಕಂಬ ಎಡಕ್ಕೆ, ನೆಲ ಕೆಳಗೆ. ಒಬ್ಬಳು ಆಫ್ರಿಕದ ನೈಜರ್ ದೇಶದ ಬಾವುಟ ಬಿಡಿಸಿಕೊಂಡು ಬಂದಾಗ ಇಡೀ ತರಗತಿ ನಮ್ಮದೇ ಎಂದು ಕೂಗಿತು. ಅದೇ ಅಡ್ಡಪಟ್ಟಿ, ಅದೇ ಮೂರು ಬಣ್ಣದ ಸಾಲು. ಆದರೆ ನಡುವೆ ಚಕ್ರವಿಲ್ಲ, ಕಿತ್ತಳೆ ಬಣ್ಣದ ತುಂಬಿದ ವೃತ್ತವಿದೆ. ಇಪ್ಪತ್ತನಾಲ್ಕು ಕಡ್ಡಿಗಳ ನಮ್ಮ ಚಕ್ರವನ್ನು ಮಕ್ಕಳು ಎಣಿಸಿ ನೋಡಿದ್ದು ಆ ಗೊಂದಲದ ಮೇಲೆಯೇ.

ಈಗ ಅಜ್ಜಿಯ ಪೆಟ್ಟಿಗೆಯ ಲಕೋಟೆಗೆ ಬರುತ್ತೇನೆ.

ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಸಂಶಯದ ಡಬ್ಬದಲ್ಲಿ ಮೂರು ವಸ್ತುಗಳು ಉಳಿದಿದ್ದವು. ಒಂದು, ‘ಹೆಲ್ವೆಟಿಯ’ ಎಂಬ ಸ್ಟಾಂಪಿನ ಲಕೋಟೆ. ಎರಡನೆಯದು ಒಂದು ಪ್ಲೇಟು. ಯುರೋಪ್ ಪ್ರವಾಸಕ್ಕೆ ಹೋಗಿದ್ದ ದೊಡ್ಡಪ್ಪ ಸರೋವರದ ದಂಡೆಯಲ್ಲಿ ತೆಗೆಸಿಕೊಂಡ ಫೋಟೋದಲ್ಲಿ ಒಂದು ಕಾರಿನ ಹಿಂಬದಿ ಕಂಡಿತ್ತು. ಬಿಳಿ ಪ್ಲೇಟು, ‘ಜಿಇ’ ಎಂಬ ಅಕ್ಷರ, ಎರಡೂ ತುದಿಯಲ್ಲಿ ಪುಟ್ಟ ಗುರಾಣಿಯಂಥ ಚಿತ್ರಗಳು. ಪ್ಲೇಟಿನಿಂದ ಬೇರೆಯಾಗಿ, ಮೊಟ್ಟೆಯಾಕಾರದ ಬಿಳಿ ಸ್ಟಿಕ್ಕರಿನಲ್ಲಿ ‘ಸಿಎಚ್’. ಮೂರನೆಯದು, ದುಬೈಯಿಂದ ಬಂದ ಚಾಕಲೇಟು ಡಬ್ಬಿಯ ಮೂಲೆಯಲ್ಲಿದ್ದ ಬಾವುಟ. ಕೆಂಪು ಬಣ್ಣ, ನಡುವೆ ಬಿಳಿಯ ಶಿಲುಬೆ.

ಮೂರೂ ಗುಂಪುಗಳು ತಮ್ಮ ತಮ್ಮ ಉತ್ತರ ಬರೆದಿಟ್ಟಿದ್ದವು. ಸ್ಟಾಂಪಿನವರು ‘ದೇಶ ಇಲ್ಲ’ ಎಂದಿದ್ದರು. ಪ್ಲೇಟಿನವರಲ್ಲಿ ಎರಡು ಪಕ್ಷ. ‘ಜಿಇ ಅಂದರೆ ಜರ್ಮನಿ’ ಎಂದು ಒಂದು, ‘ಸಿಎಚ್ ಅಂದರೆ ಚಂಡೀಗಢ’ ಎಂದು ಇನ್ನೊಂದು. ನಮ್ಮ ದೇಶದಲ್ಲಿ ಚಂಡೀಗಢದ ವಾಹನಗಳಿಗೆ ‘ಸಿಎಚ್’ ಎಂದೇ ಇರುವುದರಿಂದ ಅವರ ಊಹೆಯಲ್ಲಿ ನ್ಯಾಯವಿತ್ತು. ಬಾವುಟದವರು ಮೊದಲು ‘ಆಂಬುಲೆನ್ಸು’ ಎಂದು ಬರೆದು, ಹೊಡೆದುಹಾಕಿ, ‘ಡೆನ್ಮಾರ್ಕ್’ ಎಂದು ಬರೆದಿದ್ದರು.

ನಾನು ಮಾಡಿದ್ದು ಇಷ್ಟೇ: ಮೂರನ್ನೂ ಒಂದೇ ಮೇಜಿನ ಮೇಲಿಟ್ಟು, ಮೂರೂ ಗುಂಪಿನವರನ್ನು ಸುತ್ತ ನಿಲ್ಲಿಸಿದೆ.

ಲಕೋಟೆಯ ಹುಡುಗಿ ಭೂತಗನ್ನಡಿ ಹಿಡಿದು ಸೀಲನ್ನು ಓದತೊಡಗಿದಳು. ಮೊದಲು ನಾಲ್ಕು ಅಂಕಿ, 1211. ಆಮೇಲೆ ಊರಿನ ಹೆಸರು, ಒಂದೊಂದೇ ಅಕ್ಷರ: ಜಿ, ಇ, ಎನ್, ಇ, ವಿ, ಇ. ನಡುವಿನ ‘ಇ’ ಅಕ್ಷರದ ನೆತ್ತಿಯ ಮೇಲೊಂದು ಓರೆಗೆರೆ. ಅವಳು ಎರಡನೇ ಅಕ್ಷರ ಮುಗಿಸುವಷ್ಟರಲ್ಲಿ ಪ್ಲೇಟಿನ ಹುಡುಗ, "ಜಿಇ! ನಮ್ಮದರಲ್ಲಿಯೂ ಅದೇ ಉಂಟಲ್ವಾ?" ಎಂದು ತನ್ನ ರಟ್ಟನ್ನು ಲಕೋಟೆಯ ಪಕ್ಕ ತಂದಿಟ್ಟ. ಅಟ್ಲಾಸಿನ ಕೊನೆಯ ಪಟ್ಟಿಯಲ್ಲಿ ಆ ಅಕ್ಷರಗಳಿಂದ ಶುರುವಾಗುವ ಊರುಗಳ ಮೇಲೆ ಬೆರಳು ಓಡಿತು. ಜಿನೀವಾ, ಸ್ವಿಟ್ಜರ್‌ಲೆಂಡ್. ಭೂಪಟದಲ್ಲಿ ಅದರ ಪಕ್ಕದಲ್ಲೇ ದೊಡ್ಡ ಸರೋವರ. ಫೋಟೋದಲ್ಲೂ ಸರೋವರವಿತ್ತು!

ಅಂದರೆ ಪ್ಲೇಟಿನ ‘ಜಿಇ’ ದೇಶವಲ್ಲ, ನಮ್ಮ ‘ಕೆಎ’ ಇದ್ದ ಹಾಗೆ. ಸ್ವಿಟ್ಜರ್‌ಲೆಂಡಿನಲ್ಲಿ ರಾಜ್ಯಗಳ ಹಾಗೆ ಕ್ಯಾಂಟನ್ನುಗಳಿವೆ, ಇಪ್ಪತ್ತಾರು. ಜಿನೀವಾ ಅವುಗಳಲ್ಲಿ ಒಂದು. ಪ್ಲೇಟಿನ ಎಡತುದಿಯ ಗುರಾಣಿಯಲ್ಲಿ ದೇಶದ ಗುರುತು, ಬಲತುದಿಯದರಲ್ಲಿ ಕ್ಯಾಂಟನ್ನಿನ ಗುರುತು. ಎಡದ್ದನ್ನು ದೊಡ್ಡದು ಮಾಡಿ ನೋಡಿದಾಗ ಬಾವುಟದವರು ಕಿರುಚಿಕೊಂಡರು. ಕೆಂಪಿನ ನಡುವೆ ಬಿಳಿ ಶಿಲುಬೆ, ಅವರ ಚಾಕಲೇಟು ಡಬ್ಬಿಯದೇ.

ಹಾಗಾದರೆ ಡೆನ್ಮಾರ್ಕು ಯಾಕಲ್ಲ? ಅಟ್ಲಾಸಿನ ಬಾವುಟದ ಪುಟದಲ್ಲಿ ಎರಡನ್ನೂ ಅಕ್ಕಪಕ್ಕ ನೋಡಿದರು. ಡೆನ್ಮಾರ್ಕಿನ ಶಿಲುಬೆಯ ತೋಳುಗಳು ಬಾವುಟದ ಅಂಚಿನ ತನಕ ಚಾಚಿವೆ, ಶಿಲುಬೆ ಕಂಬದ ಕಡೆ ಸರಿದಿದೆ. ಸ್ವಿಸ್ ಶಿಲುಬೆ ನಟ್ಟನಡುವೆ ಇದೆ, ತೋಳುಗಳು ಅಂಚು ಮುಟ್ಟುವುದಿಲ್ಲ. ಇನ್ನೂ ಒಂದು ವ್ಯತ್ಯಾಸವನ್ನು ಸ್ಕೇಲು ಇಟ್ಟು ಒಬ್ಬ ಕಂಡುಹಿಡಿದ: ಅದು ಸರಿಯಾದ ಚೌಕ. ದೇಶಗಳ ಬಾವುಟಗಳಲ್ಲಿ ಚೌಕವಾಗಿರುವುದು ಸ್ವಿಟ್ಜರ್‌ಲೆಂಡಿನದು ಮತ್ತು ವ್ಯಾಟಿಕನ್ನಿನದು ಮಾತ್ರ. ಮೊದಲು ಹೊಡೆದುಹಾಕಿದ ‘ಆಂಬುಲೆನ್ಸು’ ಕೂಡ ಪೂರ್ತಿ ತಪ್ಪಾಗಿರಲಿಲ್ಲ. ರೆಡ್‌ಕ್ರಾಸ್ ಹುಟ್ಟಿದ್ದು ಜಿನೀವಾದಲ್ಲೇ. ಅದರ ಚಿಹ್ನೆ ಸ್ವಿಸ್ ಬಾವುಟದ ಬಣ್ಣಗಳನ್ನು ಅದಲುಬದಲು ಮಾಡಿದ ರೂಪ.

ಉಳಿದದ್ದು ‘ಸಿಎಚ್’ ಮತ್ತು ‘ಹೆಲ್ವೆಟಿಯ’. ಹುಡುಗಿಯೇ ಹೇಳಿದಳು, "ಎಚ್ ಅಂದರೆ ಹೆಲ್ವೆಟಿಯ ಇರಬಹುದಾ ಟೀಚರ್?" ಅದೇ. ‘ಕಾನ್‌ಫೆಡರೇಷಿಯೊ ಹೆಲ್ವೆಟಿಕ’, ಲ್ಯಾಟಿನ್ನಿನಲ್ಲಿ ಹೆಲ್ವೆಟಿಯದ ಒಕ್ಕೂಟ. ರೋಮನ್ನರ ಕಾಲದಲ್ಲಿ ಆ ನೆಲದಲ್ಲಿದ್ದ ಹೆಲ್ವೆಟಿ ಎಂಬ ಜನರ ಹೆಸರಿನಿಂದ ಬಂದದ್ದು.

"ಈಗ ಅಲ್ಲಿ ಲ್ಯಾಟಿನ್ ಮಾತಾಡುತ್ತಾರಾ?" ಎಂದು ಒಬ್ಬ ಕೇಳಿದ. ಇಲ್ಲ. ಅಲ್ಲಿ ನಾಲ್ಕು ಭಾಷೆಗಳು: ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಷ್. ದೇಶಕ್ಕೆ ನಾಲ್ಕು ಹೆಸರು. ನಾನು ಕರಿಹಲಗೆಯ ಮೇಲೆ ಬರೆದೆ: ಶ್ವೈಟ್ಸ್, ಸ್ವೀಸ್, ಸ್ವಿಟ್ಸೆರ, ಸ್ವಿಟ್ಸ್‌ರ. ಬೆರಳಗಲದ ಸ್ಟಾಂಪಿನಲ್ಲಿ ನಾಲ್ಕನ್ನೂ ಬರೆಯಲು ಜಾಗವಿಲ್ಲ, ಒಂದನ್ನೇ ಬರೆದರೆ ಉಳಿದವರಿಗೆ ಬೇಸರ. ಯಾರ ಮನೆಮಾತೂ ಅಲ್ಲದ ಲ್ಯಾಟಿನ್ ಹೆಸರಾದರೆ ಎಲ್ಲರಿಗೂ ಸಮ.

ತರಗತಿ ಕ್ಷಣಹೊತ್ತು ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು, "ಟೀಚರ್, ಹಾಗಾದರೆ ನಮ್ಮ ಮಂಗಳೂರಿಗೆ ಒಂದು ಸ್ಟಾಂಪು ಮಾಡಿದರೆ ಯಾವ ಹೆಸರು ಹಾಕುವುದು?"

ಪ್ರಶ್ನೆ ಎಲ್ಲರಿಗೂ ಅರ್ಥವಾಯಿತು. ಆ ತರಗತಿಯಲ್ಲೇ ತುಳುವಿನ ಮಕ್ಕಳಿಗೆ ಅದು ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ್, ಬ್ಯಾರಿಯವರಿಗೆ ಮೈಕಾಲ, ಹಲಗೆಯ ಮೇಲೆ ಬರೆಯುವಾಗ ಮಂಗಳೂರು. ಅಲ್ಲೂ ನಾಲ್ಕು, ಇಲ್ಲೂ ನಾಲ್ಕು. ನಾಲ್ಕನ್ನೂ ಸಣ್ಣಕ್ಷರದಲ್ಲಿ ಬರೆಯೋಣ ಎಂದರು ಕೆಲವರು. ಸರದಿಯ ಮೇಲೆ ವರ್ಷಕ್ಕೊಂದು ಹೆಸರು ಎಂದರು ಇನ್ನು ಕೆಲವರು. ಲಕೋಟೆಯ ಹುಡುಗಿ ಮಾತ್ರ, "ಬ್ರಿಟನ್ನಿನ ಹಾಗೆ ಹೆಸರೇ ಬೇಡ. ಕಡಲು, ಒಂದು ದೋಣಿ ಬರೆದರೆ ಸಾಕು. ನಮ್ಮವರಿಗೆ ಗೊತ್ತಾಗುತ್ತದೆ" ಎಂದಳು.

ಗಂಟೆ ಹೊಡೆಯಿತು. ಮೂರು ವಸ್ತುಗಳೂ ಸಂಶಯದ ಡಬ್ಬದಿಂದ ಗೋಡೆಗೆ ಹೋದವು. ಡಬ್ಬದಲ್ಲಿ ಈಗ ಆ ಪ್ರಶ್ನೆ ಬರೆದ ಒಂದು ಚೀಟಿ ಇದೆ. ಅದನ್ನು ತೆಗೆಯುವುದು ಬೇಡ ಎಂದು ಮಕ್ಕಳೇ ಹೇಳಿದ್ದಾರೆ.